ಫೋಟೋದ ಗ್ರಾಫ್‌ನಲ್ಲಿ ಯೀಲ್ಡ್ ಪಾಯಿಂಟ್ ಎಲ್ಲಿ?

ಪರೀಕ್ಷೆ ಹತ್ತಿರ ಬಂದರೆ ಸಾಕು, ಎಂಜಿನಿಯರಿಂಗ್ ಹುಡುಗರ ವಾಟ್ಸಾಪ್‌ನಲ್ಲಿ ಪುಸ್ತಕದ ಪುಟದ ಫೋಟೋಗಳು ಓಡಾಡುತ್ತವೆ. ‘ಈ ಸ್ಟ್ರೆಸ್–ಸ್ಟ್ರೇನ್ ಗೆರೆಯಲ್ಲಿ ಎಲಾಸ್ಟಿಕ್ ಲಿಮಿಟ್ ಯಾವುದು, ಯೀಲ್ಡ್ ಪಾಯಿಂಟ್ ಯಾವುದು?’ ಎಂಬ ಪ್ರಶ್ನೆ ಅವುಗಳಲ್ಲಿ ಇದ್ದೇ ಇರುತ್ತದೆ.

ಲೋಹದ ಸರಳನ್ನು ಎರಡೂ ತುದಿ ಹಿಡಿದು ಯಂತ್ರ ಎಳೆಯುತ್ತದೆ. ಅಡ್ಡಕೊಯ್ತದ ಪ್ರತಿ ಚದರ ಮಿಲಿಮೀಟರಿಗೆ ಬೀಳುವ ಬಲ ಸ್ಟ್ರೆಸ್. ಮೂಲ ಉದ್ದದ ಎಷ್ಟು ಪಾಲು ಹಿಗ್ಗಿತು ಎಂಬುದು ಸ್ಟ್ರೇನ್. ಬಲ ತೆಗೆದರೆ ಸರಳು ಮೊದಲಿನ ಉದ್ದಕ್ಕೇ ಮರಳುವ ಕೊನೆಯ ಮಟ್ಟ ಎಲಾಸ್ಟಿಕ್ ಲಿಮಿಟ್. ಅಲ್ಲಿಂದಾಚೆಗೆ, ಎಳೆತ ಹೆಚ್ಚು ಏರದಿದ್ದರೂ ಲೋಹ ಹಿಗ್ಗುತ್ತಾ ಹೋಗತೊಡಗುವ ಜಾಗ ಯೀಲ್ಡ್ ಪಾಯಿಂಟ್. ಮೆದು ಉಕ್ಕಿನಲ್ಲಿ ಅದನ್ನು ಹುಡುಕಬೇಕಾಗಿಯೇ ಇಲ್ಲ: ಗೆರೆ ನೆಟ್ಟಗೆ ಏರಿ, ತುಸು ಇಳಿದು, ಸಮತಟ್ಟಾಗುತ್ತದೆ.

ಪೇಚು ಶುರುವಾಗುವುದು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ. ಅಲ್ಲಿ ಗೆರೆ ನುಣ್ಣಗೆ ಬಾಗುತ್ತದೆ, ಮುರುಕೇ ಕಾಣದು. ಹಾಗಾಗಿ ಎಂಜಿನಿಯರುಗಳು ಒಂದು ಒಪ್ಪಂದಕ್ಕೆ ಬಂದಿದ್ದಾರೆ. ಸ್ಟ್ರೇನ್ ಅಕ್ಷದ ಮೇಲೆ 0.002 ಗುರುತಿಸಿ, ಆರಂಭದ ನೇರ ಭಾಗಕ್ಕೆ ಸಮಾನಾಂತರವಾಗಿ ಗೆರೆ ಎಳೆಯಬೇಕು. ಅದು ವಕ್ರರೇಖೆಯನ್ನು ಕಡಿಯುವ ಜಾಗವೇ ಯೀಲ್ಡ್. ಇದಕ್ಕೆ ಪ್ರೂಫ್ ಸ್ಟ್ರೆಸ್ ಎಂಬ ಹೆಸರೂ ಇದೆ.

ಆದರೆ ಓರೆಯಾಗಿ ತೆಗೆದ ಫೋಟೋದಲ್ಲಿ ಕಾಗದದ ಸಮಾನಾಂತರ ಗೆರೆಗಳು ಸಮಾನಾಂತರವಾಗಿ ಉಳಿಯುವುದಿಲ್ಲ. ಪರದೆಯ ಮೇಲೆ ಸ್ಕೇಲಿಟ್ಟು ಜರುಗಿಸಿದರೆ ಉತ್ತರ ತಪ್ಪುತ್ತದೆ. ಕಣ್ಣಳತೆ ಬಿಟ್ಟು ಲೆಕ್ಕದಿಂದ ಎಳೆಯಬೇಕು. ನೇರ ಭಾಗ 0.001ರಲ್ಲಿ 70, 0.002ರಲ್ಲಿ 140 ಮೆಗಾಪಾಸ್ಕಲ್ ಮುಟ್ಟಿದೆ ಎನ್ನೋಣ. ಅಂದರೆ ಇಳಿಜಾರು 70,000. 280ರ ಎತ್ತರಕ್ಕೆ ಏರಲು 0.004 ಸ್ಟ್ರೇನ್ ಬೇಕು, 0.002 ಸೇರಿಸಿದರೆ 0.006. ಫೋಟೋದಲ್ಲಿರುವ ಚೌಕಗಳನ್ನೇ ನೋಡಿಕೊಂಡು (0.002, 0) ಮತ್ತು (0.006, 280) ಗುರುತಿಸಿ ಸೇರಿಸಿ. ಫೋಟೋ ಓರೆಯಾದರೂ ನೇರ ಗೆರೆ ನೇರವಾಗಿಯೇ ಇರುತ್ತದೆ. ಅದು ವಕ್ರರೇಖೆಯನ್ನು 275ರ ಆಸುಪಾಸಿನಲ್ಲಿ ಕಡಿದರೆ ಅದೇ ಉತ್ತರ.

ಇನ್ನೊಂದು ಅಡ್ಡಿ ಅಕ್ಷದ್ದು. ಸರಳು ತುಂಡಾಗುವವರೆಗಿನ 0.12 ಸ್ಟ್ರೇನ್ ಪೂರ್ತಿ ಹನ್ನೆರಡು ಸೆಂಟಿಮೀಟರ್ ಅಗಲದಲ್ಲಿ ಕೂತಿದ್ದರೆ, ನಮಗೆ ಬೇಕಾದ 0.002ಕ್ಕೆ ಸಿಗುವುದು ಎರಡೇ ಮಿಲಿಮೀಟರ್. ಪೆನ್ಸಿಲ್ ಗೆರೆಯ ದಪ್ಪವೇ ಅದರಲ್ಲಿ ಕಾಲು ಭಾಗ ನುಂಗುತ್ತದೆ. ಅಂಥ ಚಿತ್ರದಲ್ಲಿ ದಶಾಂಶದವರೆಗೆ ಉತ್ತರ ಕೊಡುವುದು ಬರೀ ಧೈರ್ಯ. ಆರಂಭದ ಭಾಗವನ್ನಷ್ಟೇ ಹಿಗ್ಗಿಸಿ ಬರೆದ ಗ್ರಾಫ್ ಬೇಕು.

ಇನ್ನು ಎಲಾಸ್ಟಿಕ್ ಲಿಮಿಟ್. ಗೆರೆ ನೇರತನ ಬಿಡುವ ಜಾಗಕ್ಕೆ ಬೆರಳಿಟ್ಟು ‘ಇದೇ’ ಎನ್ನುವವರು ಬಹಳ. ಅದು ಪ್ರಪೋರ್ಷನಲ್ ಲಿಮಿಟ್. ಎಲಾಸ್ಟಿಕ್ ಲಿಮಿಟ್ ಸಾಮಾನ್ಯವಾಗಿ ಅದಕ್ಕಿಂತ ತುಸು ಮೇಲಿರುತ್ತದೆ. ಅದನ್ನು ನಿಜವಾಗಿ ಹಿಡಿಯಬೇಕೆಂದರೆ ಸರಳನ್ನು ಸ್ವಲ್ಪ ಎಳೆದು, ಬಿಟ್ಟು, ಉದ್ದ ಅಳೆದು, ಮತ್ತೆ ಇನ್ನಷ್ಟು ಎಳೆಯಬೇಕು. ಮೊದಲ ಬಾರಿ ಉದ್ದ ಪೂರ್ತಿ ಮರಳದಿದ್ದಾಗ ಮಿತಿ ದಾಟಿತೆಂದು ತಿಳಿಯುತ್ತದೆ. ಒಂದೇ ಎಳೆತದಲ್ಲಿ ಬರೆದ ಗೆರೆಯಲ್ಲಿ ಆ ಮಾಹಿತಿಯೇ ಇಲ್ಲ. ಆದ್ದರಿಂದ ಉತ್ತರಪತ್ರಿಕೆಯಲ್ಲಿ ಯೀಲ್ಡ್‌ಗೆ ಅಂಕಿ ಬರೆಯಿರಿ, ಎಲಾಸ್ಟಿಕ್ ಲಿಮಿಟ್‌ಗೆ ‘ಸುಮಾರು’ ಎಂದು ಸೇರಿಸಿಯೇ ಬರೆಯಿರಿ.