ಡಬ್ಬಿಯಲ್ಲಿ ಚಾರ್ಜರ್ ಇಲ್ಲ: ಕಂಪನಿ ಕೊಡಲಿಲ್ಲವೋ, ದಾರಿಯಲ್ಲಿ ಹೋಯಿತೋ?

2020ರ ಅಕ್ಟೋಬರ್‌ನಲ್ಲಿ ಐಫೋನ್ 12 ಬಂದಾಗ ಆಪಲ್ ಡಬ್ಬಿಯಿಂದ ಚಾರ್ಜರ್ ಮತ್ತು ಇಯರ್‌ಫೋನ್‌ಗಳನ್ನು ತೆಗೆದುಹಾಕಿತು. ಕೆಲವೇ ತಿಂಗಳಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್21 ಕೂಡ ಚಾರ್ಜರ್ ಇಲ್ಲದೆ ಬಂತು. ಇ-ತ್ಯಾಜ್ಯ ಕಡಿಮೆಯಾಗುತ್ತದೆ ಎಂಬುದು ಕಂಪನಿಗಳ ವಾದ. ಬ್ರೆಜಿಲ್ ಅದನ್ನು ಒಪ್ಪಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಆಪಲ್‌ಗೆ ಒಂದು ಕೋಟಿ ಇಪ್ಪತ್ತು ಲಕ್ಷ ರಿಯಾಲ್‌ಗೂ ಹೆಚ್ಚು ದಂಡ ಹಾಕಿ, ಚಾರ್ಜರ್ ಇಲ್ಲದ ಐಫೋನ್ ಮಾರಾಟವನ್ನೇ ತಡೆಯಿತು.

ಹಾಗಾಗಿ ಡಬ್ಬಿ ಖಾಲಿ ಕಂಡ ಕೂಡಲೇ ಕಳ್ಳತನ ಎನ್ನಲಾಗದು. ಮಾರಾಟದ ಪುಟದಲ್ಲಿ ‘ಇನ್ ದ ಬಾಕ್ಸ್’ ಎಂಬ ಪಟ್ಟಿ ಇರುತ್ತದೆ. ಬಹಳಷ್ಟು ಡಬ್ಬಿಗಳ ಹಿಂಬದಿಯಲ್ಲೂ ಒಳಗಿರುವ ಸಾಮಾನುಗಳ ಹೆಸರಿರುತ್ತದೆ. ಮೊದಲು ಓದಬೇಕಾದ್ದು ಅದನ್ನೇ. ಪಟ್ಟಿಯಲ್ಲಿ ಬರೀ ಕೇಬಲ್ ಇದ್ದರೆ ಚಾರ್ಜರ್ ಕೇಳುವ ಹಕ್ಕು ಹುಟ್ಟುವುದಿಲ್ಲ. ಪಟ್ಟಿಯಲ್ಲಿದ್ದೂ ಕಾಣದಿದ್ದರೆ ಇನ್ನೊಮ್ಮೆ ಹುಡುಕಬೇಕು: ಫೋನಿನ ಕೇಬಲ್ ಟ್ರೇ ಕೆಳಗಿನ ರಟ್ಟಿನ ಮಡಿಕೆಯಲ್ಲಿ ಅಡಗಿರುತ್ತದೆ, ಲ್ಯಾಪ್‌ಟಾಪಿನ ಅಡಾಪ್ಟರ್ ಪಕ್ಕದ ಬೇರೆ ಪೆಟ್ಟಿಗೆಯಲ್ಲಿರಬಹುದು, ಗೋಡೆಗೆ ಸಿಕ್ಕಿಸುವ ವೈರ್ ಮತ್ತೊಂದು ಮೂಲೆಯಲ್ಲಿರಬಹುದು.

ನಿಜವಾಗಿಯೂ ಇಲ್ಲ ಎಂದಾದರೆ ತೂಕವೇ ಒಳ್ಳೆಯ ಸಾಕ್ಷಿ. ಒಂದು ಲ್ಯಾಪ್‌ಟಾಪ್ ಬಂತೆನ್ನಿ. ಡಬ್ಬಿಯ ಮೇಲೆ ಒಟ್ಟು ತೂಕ 2.6 ಕಿಲೋ ಎಂದಿದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ 2.3 ಕಿಲೋ. ಕಡಿಮೆಯಾದ ಮುನ್ನೂರು ಗ್ರಾಂ ಹೆಚ್ಚುಕಡಿಮೆ ಒಂದು ಅಡಾಪ್ಟರ್ ಮತ್ತು ಅದರ ವೈರಿನ ತೂಕ. ಡಬ್ಬಿ, ಫೋಮು, ಕವರು ಎಲ್ಲವನ್ನೂ ಸೇರಿಸಿಯೇ ತೂಗಬೇಕು, ತಕ್ಕಡಿಯ ಅಂಕಿ ಕಾಣುವಂತೆ ಫೋಟೊ ತೆಗೆಯಬೇಕು. ಫೋನಿನ ಕೇಬಲ್‌ಗೆ ಈ ಉಪಾಯ ನಡೆಯದು. ಅದರ ತೂಕ ಇಪ್ಪತ್ತು-ಮೂವತ್ತು ಗ್ರಾಂ ಅಷ್ಟೇ, ಪ್ಯಾಕಿಂಗಿನ ವ್ಯತ್ಯಾಸದಲ್ಲೇ ಕರಗಿಹೋಗುತ್ತದೆ. ಅಲ್ಲಿ ನೆರವಾಗುವುದು ಅಂಟುಪಟ್ಟಿ ಕತ್ತರಿಸುವ ಮೊದಲೇ ಶುರುವಾಗಿ ಕೊನೆವರೆಗೂ ನಿಲ್ಲದೆ ತೆಗೆದ ವಿಡಿಯೊ. ಅದರಲ್ಲಿ ಕೊರಿಯರ್ ಚೀಟಿ, ಸೀಲು, ಡಬ್ಬಿಯ ಆರೂ ಮುಖಗಳು ಕಾಣಬೇಕು. ‘ಓಪನ್ ಬಾಕ್ಸ್ ಡೆಲಿವರಿ’ ಇದ್ದರೆ ಸಾಮಾನು ನೋಡಿಕೊಳ್ಳುವವರೆಗೆ ಓಟಿಪಿ ಹೇಳಬಾರದು. ಅದನ್ನು ಹೇಳುವುದೆಂದರೆ ಎಲ್ಲವೂ ಸರಿಯಾಗಿ ತಲುಪಿತೆಂದು ಸಹಿ ಹಾಕಿದಂತೆ.

ದೂರು ಅದೇ ದಿನ ಬರಹದಲ್ಲಿ ಹೋಗಬೇಕು. ವಾಪಸಿನ ಗಡುವು ಎಷ್ಟೋ ಸಲ ಕೆಲವೇ ದಿನ. ಚಾರ್ಜರ್ ಒಂದನ್ನೇ ಕಳಿಸುವ ವ್ಯವಸ್ಥೆ ಮಾರಾಟಗಾರರಲ್ಲಿ ಇಲ್ಲದಿರಬಹುದು, ಇಡೀ ಲ್ಯಾಪ್‌ಟಾಪನ್ನೇ ವಾಪಸು ಕೇಳಿಯಾರು. ಆದ್ದರಿಂದ ಬೇಕಾದ್ದು ಅಡಾಪ್ಟರೋ, ಬದಲಿ ಲ್ಯಾಪ್‌ಟಾಪೋ, ಹಣವೋ ಎಂದು ದೂರಿನಲ್ಲೇ ಬರೆಯುವುದು ಒಳಿತು.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಜಾಲತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಸಿಕ್ಕಿದ್ದನ್ನು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲೂ ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಂಡ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ.