ಮೇಲೇರುವ ನಾಣ್ಯವನ್ನು ತಳ್ಳುತ್ತಿರುವವರು ಯಾರು?

ಟಾಸ್ ಹಾಕಲು ಒಬ್ಬರು ನಾಣ್ಯವನ್ನು ಮೇಲಕ್ಕೆ ಚಿಮ್ಮಿದ್ದಾರೆ. ಅದು ಬೆರಳು ಬಿಟ್ಟಾಗಿದೆ, ಇನ್ನೂ ತುದಿ ಮುಟ್ಟಿಲ್ಲ, ನೆಟ್ಟಗೆ ಮೇಲೇರುತ್ತಿದೆ. ಗಾಳಿಯ ಅಡ್ಡಿಯನ್ನು ಬದಿಗಿಟ್ಟರೆ, ಆ ಗಳಿಗೆಯಲ್ಲಿ ನಾಣ್ಯದ ಮೇಲೆ ಯಾವ ಯಾವ ಬಲಗಳಿವೆ? ಒಂದು ಕಾಗದದ ಮೇಲೆ ನಾಣ್ಯದ ಚಿತ್ರ ಬರೆದು, ಪ್ರತಿ ಬಲಕ್ಕೂ ಒಂದೊಂದು ಬಾಣದ ಗುರುತು ಹಾಕಿ.

ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕ್ಲೆಮೆಂಟ್ ಎಂಬ ಸಂಶೋಧಕರು ಇದೇ ಪ್ರಶ್ನೆಯನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದಿಟ್ಟರು. 1982ರಲ್ಲಿ ಪ್ರಕಟವಾದ ಅವರ ಲೇಖನ ಭೌತಶಾಸ್ತ್ರದ ಮೇಷ್ಟ್ರುಗಳ ನೆಮ್ಮದಿ ಕೆಡಿಸಿತು. ಹೆಚ್ಚಿನವರು ಎರಡು ಬಾಣ ಬರೆದಿದ್ದರು. ಕೆಳಮುಖದ ಚಿಕ್ಕ ಬಾಣ ಗುರುತ್ವದ್ದು, ಮೇಲ್ಮುಖದ ದೊಡ್ಡ ಬಾಣ 'ಕೈ ಕೊಟ್ಟ ಬಲ'ದ್ದು. ಬಲ ಮತ್ತು ಚಲನೆಯ ಪಾಠ ಮುಗಿಸಿದ್ದ ವಿದ್ಯಾರ್ಥಿಗಳಲ್ಲೂ ಬಹುಪಾಲು ಮಂದಿ ಹೀಗೇ ಬರೆದರು.

ಸರಿಯಾದ ಚಿತ್ರದಲ್ಲಿ ಇರುವುದು ಒಂದೇ ಬಾಣ. ಅದು ಕೆಳಕ್ಕೆ ತೋರಿಸುತ್ತದೆ.

ನಾಣ್ಯ ಮೇಲಕ್ಕೆ ಹೋಗುತ್ತಿರುವಾಗ ಬಲ ಬರೀ ಕೆಳಕ್ಕೇ ಇರುವುದು ಹೇಗೆ? ಸ್ವಲ್ಪ ಲೆಕ್ಕ ಹಾಕಿ ನೋಡಬಹುದು. ಕೈ ಬಿಡುವಾಗ ನಾಣ್ಯದ ವೇಗ ಸೆಕೆಂಡಿಗೆ 5 ಮೀಟರ್ ಎಂದಿಟ್ಟುಕೊಳ್ಳೋಣ. ಗುರುತ್ವವು ಸೆಕೆಂಡಿನ ಪ್ರತಿ ಹತ್ತನೇ ಒಂದು ಭಾಗದಲ್ಲಿ ಅದರ ವೇಗವನ್ನು ಸುಮಾರು 1 ಮೀಟರಿನಷ್ಟು ಕಡಿಮೆ ಮಾಡುತ್ತದೆ. 5 ಇದ್ದದ್ದು 4 ಆಗುತ್ತದೆ, ಆಮೇಲೆ 3, 2, 1. ಅರ್ಧ ಸೆಕೆಂಡಿಗೆ ವೇಗ ಸೊನ್ನೆ. ಅಷ್ಟರಲ್ಲಿ ನಾಣ್ಯ ಸುಮಾರು ಒಂದೂಕಾಲು ಮೀಟರ್ ಏರಿರುತ್ತದೆ. ಆಮೇಲೆ ಅದೇ ಲೆಕ್ಕ ಮುಂದುವರಿದು, ಕೆಳಮುಖವಾಗಿ 1, 2, 3 ಎಂದು ವೇಗ ಕೂಡುತ್ತಾ ಬರುತ್ತದೆ. ಏರುವಾಗ, ತುದಿಯಲ್ಲಿ, ಇಳಿಯುವಾಗ, ಮೂರೂ ಕಡೆ ಬದಲಾವಣೆಯ ದರ ಒಂದೇ. ಬಲವೂ ಒಂದೇ.

ಈಗ ವಿದ್ಯಾರ್ಥಿಗಳ ಚಿತ್ರವನ್ನು ನಿಜವೆಂದು ನಂಬಿ ನೋಡಿ. ಮೇಲ್ಮುಖ ಬಲವೇ ದೊಡ್ಡದಾಗಿದ್ದರೆ, ನಾಣ್ಯ ಏರುತ್ತಾ ಏರುತ್ತಾ ಇನ್ನೂ ಜೋರಾಗಬೇಕಿತ್ತು. ಆದರೆ ಅದು ಕೈ ಬಿಟ್ಟ ಕ್ಷಣದಿಂದಲೇ ನಿಧಾನವಾಗತೊಡಗುತ್ತದೆ. ತುದಿಯಲ್ಲಿ ಎರಡು ಬಲಗಳೂ ಸರಿಸಮವಾಗುತ್ತವೆ ಎಂದು ಕೆಲವರು ಹೇಳುತ್ತಾರೆ. ಹಾಗಾಗಿದ್ದರೆ ಅಲ್ಲಿ ನಿಂತ ನಾಣ್ಯ ಅಲ್ಲೇ ನಿಲ್ಲಬೇಕು, ಕೆಳಕ್ಕೆ ಬರಲು ಅದಕ್ಕೆ ಕಾರಣವೇ ಇರುವುದಿಲ್ಲ.

ತಪ್ಪು ಬಾಣವನ್ನು ಪತ್ತೆಹಚ್ಚಲು ಇನ್ನೂ ಸರಳವಾದ ದಾರಿಯಿದೆ. ಪ್ರತಿ ಬಾಣದ ಪಕ್ಕದಲ್ಲೂ 'ಈ ಬಲ ಹಾಕುತ್ತಿರುವವರು ಯಾರು?' ಎಂದು ಬರೆಯಬೇಕು. ಕೆಳಮುಖದ ಬಾಣಕ್ಕೆ ಉತ್ತರ ಭೂಮಿ. ಮೇಲ್ಮುಖದ ಬಾಣಕ್ಕೆ? ಕೈ ಎನ್ನುವಂತಿಲ್ಲ, ಅದು ಈಗಾಗಲೇ ನಾಣ್ಯದಿಂದ ದೂರವಾಗಿದೆ. ಬೆರಳು ತಾಗಿದ್ದಷ್ಟು ಹೊತ್ತು ಮಾತ್ರ ಕೈ ತಳ್ಳಿತ್ತು. 25 ಸೆಂಟಿಮೀಟರಿನಷ್ಟು ದೂರ ಒಂದೇ ಸಮನೆ ತಳ್ಳಿ ಈ ವೇಗ ಕೊಟ್ಟಿದ್ದರೆ, ಆ ತಳ್ಳು ನಾಣ್ಯದ ತೂಕದ ಸುಮಾರು ಆರರಷ್ಟು. ಅಷ್ಟು ದೊಡ್ಡ ಬಲವೂ ಕೈ ಬಿಟ್ಟ ಕ್ಷಣದಲ್ಲೇ ಇಲ್ಲವಾಗುತ್ತದೆ. ಅದು ಕೊಟ್ಟ ವೇಗ ಮಾತ್ರ ನಾಣ್ಯದ ಜೊತೆ ಉಳಿಯುತ್ತದೆ.

ವಿದ್ಯಾರ್ಥಿಗಳು ಬರೆಯುವ ಆ ಮೇಲ್ಮುಖ ಬಾಣ ಪೂರ್ತಿ ಹುಸಿಯೂ ಅಲ್ಲ. ಏರುವಾಗ ದೊಡ್ಡದಾಗಿದ್ದು, ತುದಿಯಲ್ಲಿ ಸೊನ್ನೆಯಾಗುವ ಒಂದು ಸಂಗತಿ ನಾಣ್ಯಕ್ಕೆ ನಿಜಕ್ಕೂ ಇದೆ. ಅದು ವೇಗ ಮತ್ತು ದ್ರವ್ಯರಾಶಿಯ ಗುಣಲಬ್ಧವಾದ ಸಂವೇಗ. ಅದನ್ನು ಬಲವೆಂದು ಕರೆದಲ್ಲೇ ಎಡವಟ್ಟಾಗುವುದು. ಹೀಗೆ ಎಡವಿದವರು ಸಾಮಾನ್ಯರೇನಲ್ಲ. 6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಫಿಲೊಪೋನಸ್, 14ನೇ ಶತಮಾನದಲ್ಲಿ ಪ್ಯಾರಿಸ್ಸಿನ ಬುರಿಡಾನ್, ಎಸೆದ ವಸ್ತುವಿನೊಳಗೆ ಎಸೆದವನು ಒಂದು ಚಾಲಕ ಶಕ್ತಿಯನ್ನು ತುಂಬಿರುತ್ತಾನೆ ಎಂದು ವಾದಿಸಿದ್ದರು. ಪಾಠ ಕೇಳದ ಮನಸ್ಸು ತಾನಾಗಿಯೇ ಸಾಗುವ ದಾರಿ ಅದು. ಹಾಗಾಗಿ ಮಕ್ಕಳ ಉತ್ತರವನ್ನು ದಡ್ಡತನವೆಂದು ತಳ್ಳಿಹಾಕುವುದು ದೊಡ್ಡ ಅನ್ಯಾಯ.

ಇಷ್ಟಕ್ಕೂ ದಿನನಿತ್ಯದ ಅನುಭವ ಈ ನಂಬಿಕೆಗೇ ನೀರೆರೆಯುತ್ತದೆ. ಮನೆ ಬದಲಾಯಿಸುವಾಗ ಬೀರುವನ್ನು ನೆಲದ ಮೇಲೆ ದೂಡುತ್ತೇವೆ, ದೂಡುವುದು ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಅಲ್ಲಿ ನಮಗೆ ಕಾಣದೇ ಹೋಗುವುದು ಘರ್ಷಣೆ. ಅದನ್ನು ಕಾಣಬೇಕೆಂದರೆ ಕ್ಯಾರಂ ಬೋರ್ಡೇ ಸಾಕು. ಪುಡಿ ಹಾಕದ ಬೋರ್ಡಿನಲ್ಲಿ ಹೊಡೆದ ಸ್ಟ್ರೈಕರ್ ಬೇಗ ಸುಸ್ತಾಗುತ್ತದೆ. ಬೋರಿಕ್ ಪುಡಿ ಉದುರಿಸಿ ಅಷ್ಟೇ ಜೋರಿನಲ್ಲಿ ಹೊಡೆಯಿರಿ, ಅದು ಇನ್ನೂ ದೂರ ಸಾಗಿ ಅಂಚಿಗೆ ಬಡಿದು ಮರಳುತ್ತದೆ. ಬೆರಳಿನ ಹೊಡೆತ ಬದಲಾಗಿಲ್ಲ, ಬದಲಾದದ್ದು ತಡೆ. ತಡೆಯನ್ನು ಕಡಿಮೆ ಮಾಡುತ್ತಾ ಹೋದಂತೆ ಓಟ ಉದ್ದವಾಗುತ್ತಾ ಹೋಗುತ್ತದೆ. ಗೆಲಿಲಿಯೊ ನಯವಾದ ಇಳಿಜಾರುಗಳಲ್ಲಿ ಗುಂಡು ಉರುಳಿಸಿ ಇದೇ ಜಾಡು ಹಿಡಿದಿದ್ದರು. ತಡೆಯೇ ಇಲ್ಲದಿದ್ದರೆ ನಿಲ್ಲಲು ಕಾರಣವೂ ಇಲ್ಲ. 1977ರಲ್ಲಿ ಹಾರಿದ ವಾಯೇಜರ್ 1 ನೌಕೆ ಇಂದಿಗೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಸೂರ್ಯನಿಂದ ದೂರ ಸರಿಯುತ್ತಿದೆ. ಅದನ್ನು ಹಿಂದಿನಿಂದ ತಳ್ಳುವವರು ಯಾರೂ ಇಲ್ಲ.

ಇಂಥ ಪ್ರಶ್ನೆಗಳನ್ನೆಲ್ಲ ಸೇರಿಸಿ, ಅಮೆರಿಕದ ಡೇವಿಡ್ ಹೆಸ್ಟೆನಿಸ್ ಮತ್ತು ಸಂಗಡಿಗರು 1992ರಲ್ಲಿ 'ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ' ಎಂಬ ಪರೀಕ್ಷೆ ರೂಪಿಸಿದರು. ಸೂತ್ರ ಬೇಡ, ಕ್ಯಾಲ್ಕುಲೇಟರ್ ಬೇಡ, ಎಲ್ಲವೂ ಮಾತಿನ ಪ್ರಶ್ನೆಗಳು. ಅದರಲ್ಲಿ ತಪ್ಪು ಆಯ್ಕೆಗಳು ಮನಬಂದಂತೆ ತುಂಬಿದವಲ್ಲ, ಜನ ನಿಜಕ್ಕೂ ನಂಬುವಂಥವು. ಹಾಗಾಗಿ ತಪ್ಪು ಉತ್ತರವೂ ಒಂದು ಸುಳಿವು ಕೊಡುತ್ತದೆ. ಹಾರ್ವರ್ಡಿನ ಎರಿಕ್ ಮಝೂರ್ ಇಂಥದೇ ಪ್ರಶ್ನೆಗಳನ್ನು ತಮ್ಮ ತರಗತಿಗೆ ಕೊಟ್ಟಾಗ, ನೀವು ಕಲಿಸಿದಂತೆ ಬರೆಯಲೋ, ನಾನು ಯೋಚಿಸುವಂತೆ ಬರೆಯಲೋ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದ್ದಳು. ಸೂತ್ರದ ಲೆಕ್ಕಗಳಲ್ಲಿ ಒಳ್ಳೆಯ ಅಂಕ ತೆಗೆಯುವವರೂ ಇಲ್ಲಿ ಮುಗ್ಗರಿಸಿದ್ದರು.

1998ರಲ್ಲಿ ರಿಚರ್ಡ್ ಹೇಕ್ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಗಳನ್ನು ಒಟ್ಟುಗೂಡಿಸಿ ನೋಡಿದರು. ಮೇಷ್ಟ್ರು ಹೇಳುವುದು, ಮಕ್ಕಳು ಕೇಳುವುದು ಎಂಬ ರೀತಿಯ ತರಗತಿಗಳಲ್ಲಿ, ಮೊದಲು ಗೊತ್ತಿಲ್ಲದಿದ್ದುದರಲ್ಲಿ ಸರಾಸರಿ ಕಾಲುಭಾಗವೂ ದಕ್ಕಿರಲಿಲ್ಲ. ವಿದ್ಯಾರ್ಥಿಗಳು ಮೊದಲು ತಮ್ಮ ಉತ್ತರ ಹೇಳಿ, ಪಕ್ಕದವರೊಡನೆ ವಾದ ಮಾಡಿ, ಆಮೇಲೆ ತಿದ್ದಿಕೊಳ್ಳುವ ಬಗೆಯ ತರಗತಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ದಕ್ಕಿತ್ತು. ಹಳೆಯ ನಂಬಿಕೆ ಬಾಯಿಗೆ ಬಂದು ಸೋಲದೆ ಜಾಗ ಬಿಡುವುದಿಲ್ಲ.

ನಾಣ್ಯದ ಪ್ರಶ್ನೆಗೆ ಸರಿಯುತ್ತರ ಕೊಟ್ಟವರು ಎಲ್ಲ ಕಡೆಯೂ ಗೆಲ್ಲುತ್ತಾರೆಂದೇನಿಲ್ಲ. ಅದೇ ಬೀರುವನ್ನು ಒಂದೇ ವೇಗದಲ್ಲಿ ದೂಡುತ್ತಿದ್ದೀರಿ, ನಿಮ್ಮ ಬಲ 200 ನ್ಯೂಟನ್. ಘರ್ಷಣೆ ಎಷ್ಟು? ಮುಂದೆ ಸಾಗುತ್ತಿರುವುದರಿಂದ 200ಕ್ಕಿಂತ ಕಡಿಮೆ ಇರಲೇಬೇಕು ಎಂದು ನಾಣ್ಯದಲ್ಲಿ ಗೆದ್ದವರಿಗೂ ಅನಿಸಬಹುದು. ಕಡಿಮೆಯಿದ್ದರೆ ವೇಗ ಏರುತ್ತಲೇ ಹೋಗಬೇಕು. ವೇಗ ಬದಲಾಗದಿರುವುದರಿಂದ ಘರ್ಷಣೆಯೂ ಸರಿಯಾಗಿ 200 ನ್ಯೂಟನ್, ಬೀರುವಿನ ಮೇಲೆ ಒಟ್ಟಾರೆ ಬಲ ಸೊನ್ನೆ. ಮೊದಲ ಅರೆಗಳಿಗೆಯಲ್ಲಿ ಘರ್ಷಣೆಯನ್ನು ಮೀರಿ ತಳ್ಳಿದ್ದರಿಂದ ಅದಕ್ಕೆ ವೇಗ ಬಂತು. ಆಮೇಲಿನ ನಿಮ್ಮ ದುಡಿತವೆಲ್ಲ ನೆಲದ ತಡೆಯನ್ನು ಸರಿದೂಗಿಸಲು ಮಾತ್ರ ಖರ್ಚಾಗುತ್ತದೆ.