ನಾಲ್ಕೇ ಲೋಡು, ಆದರೂ ಇನ್ವರ್ಟರ್ ಯಾಕೆ ಕೂಗುತ್ತದೆ?

ಮಳೆಗಾಲ ಬಂತೆಂದರೆ ನಮ್ಮ ಕಾಸರಗೋಡು ಕಡೆ ಕರೆಂಟು ಹೋಗುವುದು, ಇನ್ವರ್ಟರ್ ಕೂಗುವುದು ಎರಡೂ ಒಟ್ಟಿಗೇ ಶುರುವಾಗುತ್ತದೆ. ಈ ಸಲ ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ಕೇಳಿದ ಪ್ರಶ್ನೆ ಹೀಗಿತ್ತು: "ಮಾಷ್ಟ್ರೇ, ಎರಡು ಫ್ಯಾನು, ಎರಡು ಟ್ಯೂಬ್‌ಲೈಟು ಬಿಟ್ಟರೆ ಬೇರೇನೂ ಇಲ್ಲ. ಇನ್ವರ್ಟರ್ 850 ವಿ.ಎ. ಉಂಟು. ಆದರೂ ಓವರ್‌ಲೋಡ್ ದೀಪ ಉರಿದು ಬೀಪ್ ಬೀಪ್ ಅಂತ ಬೊಬ್ಬೆ ಹಾಕ್ತದೆ. ಬ್ಯಾಟರಿ ಹಾಳಾಯ್ತಾ?"

ಲೆಕ್ಕ ಹಾಕಿ ನೋಡಿದರೆ ಅವರ ಸಂಶಯ ಸರಿಯೇ. 70 ವ್ಯಾಟಿನ ಎರಡು ಫ್ಯಾನಿಗೆ 140, 20 ವ್ಯಾಟಿನ ಎರಡು ಎಲ್‌ಇಡಿ ಟ್ಯೂಬಿಗೆ 40, ಒಟ್ಟು 180 ವ್ಯಾಟ್. 850 ವಿ.ಎ. ಇನ್ವರ್ಟರ್ ಸುಮಾರು 680 ವ್ಯಾಟ್ ಹೊರಬಲ್ಲದು. ಕಾಲು ಭಾಗದ ಹೊರೆಗೆ ಅದು ಕೂಗಬಾರದು.

ಹಾಗಾಗಿ ನಾನು ಕೇಳಿದ್ದು ಒಂದೇ: ಕೂಗುವುದು ಯಾವಾಗ? ಅವರು ಎರಡು ದಿನ ಗಮನಿಸಿ ಬಂದು ಹೇಳಿದರು. ಬೀಪ್ ಸತತವಾಗಿ ಬರುವುದಿಲ್ಲ. ಸುಮಾರು ಅರ್ಧ ಗಂಟೆಗೊಮ್ಮೆ ಒಂದೆರಡು ಸಲ ಕೂಗಿ ಸುಮ್ಮನಾಗುತ್ತದೆ. ಕೆಲವೊಮ್ಮೆ ಮಾತ್ರ ಕರೆಂಟು ಹೋದ ಕೂಡಲೇ ಹತ್ತು ಸೆಕೆಂಡು ಕೂಗಿ ಇಡೀ ಮನೆ ಕತ್ತಲೆಯಾಗುತ್ತದೆ.

ಅರ್ಧ ಗಂಟೆಗೊಮ್ಮೆ ತಾನಾಗಿಯೇ ಶುರುವಾಗಿ ನಿಲ್ಲುವ ವಸ್ತು ಮನೆಯಲ್ಲಿ ಯಾವುದು? ಫ್ರಿಜ್. "ಅದು ಇನ್ವರ್ಟರ್ ಲೈನಿನಲ್ಲಿ ಇಲ್ಲವಲ್ಲ" ಅಂದರು ಅವರು. ಪರೀಕ್ಷೆ ಸುಲಭ: ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲು ತೆರೆದು ನೋಡಿ, ಒಳಗಿನ ಬಲ್ಬು ಉರಿಯುತ್ತಿದ್ದರೆ ಅದು ಇನ್ವರ್ಟರ್ ಮೇಲೆಯೇ ಇದೆ. ಬಲ್ಬು ಉರಿಯುತ್ತಿತ್ತು! ವಯರಿಂಗ್ ಮಾಡಿದವರು ಊಟದ ಕೋಣೆಯ ಪ್ಲಗ್ಗನ್ನೂ ಅದೇ ಲೈನಿಗೆ ಸೇರಿಸಿದ್ದರು.

ಫ್ರಿಜ್ ಸೇರಿದರೂ ಲೆಕ್ಕ ಮೀರುವುದಿಲ್ಲ

ಇಲ್ಲಿಯೇ ವಿಷಯದ ಸ್ವಾರಸ್ಯ ಇರುವುದು. ಒಂದೇ ಬಾಗಿಲಿನ ಸಣ್ಣ ಫ್ರಿಜ್ಜಿನ ಕಂಪ್ರೆಸರ್ ಓಡುವಾಗ ಎಳೆಯುವುದು ಸುಮಾರು 120 ವ್ಯಾಟ್. ಕರೆಂಟು 0.9 ಆಂಪಿಯರ್ ಎಂದಿಟ್ಟುಕೊಂಡರೆ 230 × 0.9, ಅಂದರೆ ಸುಮಾರು 207 ವಿ.ಎ. ಇದನ್ನು ಸೇರಿಸಿದರೂ ಮನೆಯ ಹೊರೆ 300 ವ್ಯಾಟ್ ಅಷ್ಟೆ. ಇನ್ವರ್ಟರಿನ ಅರ್ಧವೂ ಆಗಲಿಲ್ಲ.

ಆದರೆ ಇದು ಓಡುವಾಗಿನ ಲೆಕ್ಕ. ಶುರುವಾಗುವ ಕ್ಷಣದಲ್ಲಿ ಇಂಥ ಕಂಪ್ರೆಸರ್ 7-8 ಆಂಪಿಯರ್ ಎಳೆಯಬಹುದು. 8 ಆಂಪಿಯರ್ ಅಂದರೆ 1,840 ವಿ.ಎ., ಇನ್ವರ್ಟರಿನ ಸಾಮರ್ಥ್ಯದ ಎರಡು ಪಟ್ಟಿಗಿಂತ ಜಾಸ್ತಿ. ಇದು ಅರ್ಧ ಸೆಕೆಂಡಿನೊಳಗೆ ಮುಗಿದು ಹೋಗುತ್ತದೆ. ಇನ್ವರ್ಟರ್ ಹೇಗೋ ತಡೆದುಕೊಂಡು, ಒಂದೆರಡು ಬೀಪ್ ಮಾಡಿ ಸುಮ್ಮನಾಗುತ್ತದೆ.

ನಿಂತ ಮೋಟಾರು ಯಾಕೆ ಇಷ್ಟು ಎಳೆಯುತ್ತದೆ?

ಹತ್ತನೇ ತರಗತಿಯಲ್ಲಿ ಮೋಟಾರು, ಜನರೇಟರು ಎರಡೂ ಪಾಠ ಮಾಡುತ್ತೇವೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ. ತಿರುಗುವ ಮೋಟಾರು ಜನರೇಟರೂ ಹೌದು. ಕಾಂತಕ್ಷೇತ್ರದಲ್ಲಿ ಸುರುಳಿ ತಿರುಗುವಾಗ ಅದರಲ್ಲಿ ನಾವು ಕೊಟ್ಟ ವೋಲ್ಟೇಜಿಗೆ ವಿರುದ್ಧವಾದ ವೋಲ್ಟೇಜು ಹುಟ್ಟುತ್ತದೆ. ಇದೇ ಬ್ಯಾಕ್ ಇ.ಎಂ.ಎಫ್. ಕರೆಂಟನ್ನು ಹಿಡಿತದಲ್ಲಿ ಇಡುವುದು ಇದು. ನಿಂತ ಮೋಟಾರಿನಲ್ಲಿ ಇದು ಸೊನ್ನೆ, ಹಾಗಾಗಿ ತಡೆಯುವುದು ತಂತಿಯ ಅಲ್ಪ ರೋಧ ಮಾತ್ರ.

ಇದನ್ನು ತರಗತಿಯಲ್ಲಿ ಐದು ನಿಮಿಷದಲ್ಲಿ ತೋರಿಸಬಹುದು. ಆಟಿಕೆಯ ಡಿ.ಸಿ. ಮೋಟಾರು, ಎರಡು ಸೆಲ್ಲು, 10 ಆಂಪಿಯರ್ ರೇಂಜಿಗೆ ಇಟ್ಟ ಮಲ್ಟಿಮೀಟರು, ಮೂರನ್ನೂ ಸರಣಿಯಲ್ಲಿ ಜೋಡಿಸಿ. ನಮ್ಮ ಲ್ಯಾಬಿನ ಮೋಟಾರು ಬರಿದೇ ತಿರುಗುವಾಗ 0.2 ಆಂಪಿಯರ್ ತೋರಿಸಿತು. ಅದರ ದಂಡವನ್ನು ಬೆರಳಿನಿಂದ ಎರಡು ಸೆಕೆಂಡು ಹಿಡಿದು ನಿಲ್ಲಿಸಿದಾಗ 1.1ಕ್ಕೆ ಏರಿತು. ಸುರುಳಿಯ ರೋಧ ಸುಮಾರು 2 ಓಮ್. ತಿರುಗುವಾಗ ರೋಧದಲ್ಲಿ ಇಳಿಯುವುದು 0.2 × 2 = 0.4 ವೋಲ್ಟ್ ಮಾತ್ರ. 3 ವೋಲ್ಟಿನಲ್ಲಿ ಉಳಿದುದರ ಹೆಚ್ಚಿನ ಪಾಲಿಗೆ ಎದುರು ನಿಂತಿರುವುದು ಬ್ಯಾಕ್ ಇ.ಎಂ.ಎಫ್. ನಿಲ್ಲಿಸಿದಾಗ 3 ÷ 2 = 1.5 ಆಂಪಿಯರ್ ಬರಬೇಕಿತ್ತು, ಬಂದದ್ದು 1.1. ಯಾಕೆಂದು ಮಕ್ಕಳನ್ನೇ ಕೇಳಿ. ಹೆಚ್ಚು ಕರೆಂಟು ಎಳೆದಾಗ ಸೆಲ್ಲಿನ ವೋಲ್ಟೇಜೇ ಕುಸಿಯುತ್ತದೆ. (ಈ ಪ್ರಯೋಗ ಸೆಲ್ಲಿನ ಮೋಟಾರಿನಲ್ಲಿ ಮಾತ್ರ. ಮನೆಯ ಕರೆಂಟಿನ ಯಾವ ಮೋಟಾರನ್ನೂ ಕೈಯಿಂದ ನಿಲ್ಲಿಸಬಾರದು.)

ಫ್ರಿಜ್ಜಿನ ಮೋಟಾರು ಇಂಡಕ್ಷನ್ ಮೋಟಾರು, ರಚನೆ ಬೇರೆ. ಅದರ ರೋಟರು ನಿಂತಿರುವಾಗ ಇಡೀ ಮೋಟಾರು, ದ್ವಿತೀಯಕ ಸುರುಳಿಯನ್ನು ಶಾರ್ಟ್ ಮಾಡಿದ ಟ್ರಾನ್ಸ್‌ಫಾರ್ಮರಿನಂತೆ ವರ್ತಿಸುತ್ತದೆ. ವೇಗ ಬಂದ ಮೇಲೆ ಕರೆಂಟು ಇಳಿಯುತ್ತದೆ. ಫಲ ಒಂದೇ.

ಹಾಗಾದರೆ ಫ್ಯಾನು? ಅದೂ ಇಂಡಕ್ಷನ್ ಮೋಟಾರೇ. ಆದರೆ ಸೀಲಿಂಗ್ ಫ್ಯಾನಿನ ಮೋಟಾರನ್ನು ನಿಧಾನವಾಗಿ ವೇಗ ಏರುವಂತೆ, ಪ್ರತಿರೋಧ ಹೆಚ್ಚಿರುವಂತೆ ಮಾಡಿರುತ್ತಾರೆ. ಶುರುವಿನ ಕರೆಂಟು ಓಡುವಾಗಿನದಕ್ಕಿಂತ ಬಹಳ ಹೆಚ್ಚೇನೂ ಇರುವುದಿಲ್ಲ. ಆದ್ದರಿಂದ ಫ್ಯಾನು ಹಾಕಿದಾಗ ಇನ್ವರ್ಟರ್ ಕೂಗುವುದಿಲ್ಲ. ಕಂಪ್ರೆಸರ್, ನೀರಿನ ಪಂಪು ಇವು ಮೊದಲ ಸುತ್ತಿನಿಂದಲೇ ಭಾರ ಎಳೆಯಬೇಕು.

ಮನೆ ಕತ್ತಲೆಯಾಗುವುದು ಯಾಕೆ?

ಕಂಪ್ರೆಸರ್ ಓಡುತ್ತಿರುವಾಗಲೇ ಕರೆಂಟು ಹೋಯಿತು ಅಂತಿಟ್ಟುಕೊಳ್ಳಿ. ಇನ್ವರ್ಟರ್ ಕೈಗೆತ್ತಿಕೊಳ್ಳುವ ಸಣ್ಣ ಬಿಡುವಿನಲ್ಲಿ ಮೋಟಾರು ನಿಂತುಬಿಡಬಹುದು. ಒಂದು ಬದಿಯಲ್ಲಿ ಅನಿಲದ ಒತ್ತಡ ಹಾಗೇ ಉಳಿದಿರುತ್ತದೆ. ಆ ಒತ್ತಡದ ಎದುರು ಅದಕ್ಕೆ ಮತ್ತೆ ತಿರುಗಲು ಆಗುವುದಿಲ್ಲ. ನಿಂತಲ್ಲೇ ಗುಂಯ್‌ಗುಟ್ಟುತ್ತಾ ಶುರುವಿನ ಕರೆಂಟನ್ನೇ ಎಳೆಯುತ್ತಿರುತ್ತದೆ. ಕೆಲವು ಸೆಕೆಂಡಾದ ಮೇಲೆ ಫ್ರಿಜ್ಜಿನ ಹಿಂದಿರುವ ರಕ್ಷಕ 'ಟಕ್' ಎಂದು ಅದನ್ನು ಕಡಿಯುತ್ತದೆ, ಇಲ್ಲವೇ ಅದಕ್ಕೂ ಮೊದಲು ಇನ್ವರ್ಟರ್ ಕೈಬಿಡುತ್ತದೆ. ಅವರ ಮನೆಯಲ್ಲಿ ಆಗುತ್ತಿದ್ದದ್ದು ಎರಡನೆಯದು. ಫ್ರಿಜ್ ಆಫ್ ಮಾಡಿದರೆ ಮತ್ತೆ ಹಾಕುವ ಮೊದಲು ಐದು ನಿಮಿಷ ಬಿಡಬೇಕು ಎನ್ನುವುದು ಈ ಒತ್ತಡ ಸಮವಾಗಲಿ ಎಂದೇ.

ಇನ್ನು ಬ್ಯಾಟರಿಯ ಮಾತು. 12 ವೋಲ್ಟಿನ ಬ್ಯಾಟರಿಯಿಂದ 1,500 ವ್ಯಾಟ್ ಎಳೆದರೆ 125 ಆಂಪಿಯರ್! ಟರ್ಮಿನಲ್ಲಿನಲ್ಲಿ ಬಿಳಿ ಪುಡಿ ಕೂತು ರೋಧ 0.01 ಓಮ್ ಆಗಿದ್ದರೆ ಅಲ್ಲಿಯೇ 1.25 ವೋಲ್ಟ್ ನಷ್ಟ. ಫ್ಯಾನಿನ ಹೊರೆಗೆ ಗೊತ್ತೇ ಆಗದ ಈ ದೋಷ ಕಂಪ್ರೆಸರ್ ಶುರುವಾಗುವಾಗ ಬಯಲಾಗುತ್ತದೆ. ಹಾಗಾಗಿ ಬ್ಯಾಟರಿ ಹಳತಾದಂತೆ ಕೂಗು ಹೆಚ್ಚುವುದೂ ಉಂಟು.

ಗುರುತಿಸುವುದು ಹೀಗೆ

ಬೀಪ್ ಬಿಟ್ಟು ಬಿಟ್ಟು, ಯಾವುದೋ ಮೋಟಾರು ಶುರುವಾಗುವಾಗ ಮಾತ್ರ ಬಂದರೆ ಅದು ಶುರುವಿನ ಸೆಳೆತ. ಸತತವಾಗಿ ಬಂದು, ಒಂದೊಂದೇ ಸ್ವಿಚ್ಚು ತೆಗೆದಾಗ ಎಲ್ಲೋ ಒಂದರಲ್ಲಿ ನಿಂತರೆ ನಿಜವಾಗಿಯೂ ಹೊರೆ ಹೆಚ್ಚಾಗಿದೆ. ಎಲ್ಲ ಲೋಡು ತೆಗೆದರೂ ಕೂಗಿದರೆ ಬ್ಯಾಟರಿ ಅಥವಾ ಇನ್ವರ್ಟರನ್ನು ತೋರಿಸಬೇಕು. ಉರಿಯುವ ದೀಪ ಓವರ್‌ಲೋಡಿನದ್ದೋ, ಲೋ ಬ್ಯಾಟರಿಯದ್ದೋ ಎಂಬುದನ್ನೂ ಓದಿಕೊಳ್ಳಿ, ಶಬ್ದ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಸಹೋದ್ಯೋಗಿ ಹೊಸ ಬ್ಯಾಟರಿ ತರಲಿಲ್ಲ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಫ್ರಿಜ್ಜಿನ ಪ್ಲಗ್ಗನ್ನು ನೇರ ಲೈನಿಗೆ ಬದಲಿಸಿದರು, ಕೂಗು ನಿಂತಿತು. ಫ್ರಿಜ್ ಇನ್ವರ್ಟರ್ ಮೇಲೆ ಇರಲೇಬೇಕು ಎನ್ನುವವರು ಓಡುವಾಗಿನ ವ್ಯಾಟ್ ನೋಡಿ ಇನ್ವರ್ಟರ್ ಕೊಳ್ಳಬಾರದು, ಶುರುವಿನ ಸೆಳೆತವನ್ನು ತಡೆಯುವಂಥದ್ದು ಕೊಳ್ಳಬೇಕು. ವೇಗ ಬದಲಾಗುವ 'ಇನ್ವರ್ಟರ್ ಕಂಪ್ರೆಸರ್' ಇರುವ ಫ್ರಿಜ್ಜುಗಳು ನಿಧಾನಕ್ಕೆ ವೇಗ ಏರಿಸಿಕೊಳ್ಳುವುದರಿಂದ ಅವುಗಳಲ್ಲಿ ಈ ಸೆಳೆತ ತುಂಬಾ ಕಡಿಮೆ.